ಬ್ಯಾಂಕಿನ ಬಡ್ಡಿಗೆ ಜಿಎಸ್‌ಟಿ ಯಾಕಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಮಾಟುಂಗದ ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಊರು ಬಿಟ್ಟು ಬಂದ ಕನ್ನಡಿಗರು. ಡೊಂಬಿವಲಿಯ ಹೋಟೆಲಿನವರಿದ್ದಾರೆ, ಪುಣೆಯ ಭೋಸರಿಯಲ್ಲಿ ಲೇಥ್ ಇಟ್ಟುಕೊಂಡ ಬೆಳಗಾವಿ ಕಡೆಯವರಿದ್ದಾರೆ, ಗೋವಾದಲ್ಲಿ ವಿದೇಶಿ ನೋಟು ಬದಲಿಸಿ ಕೊಡುವವರೂ ಇದ್ದಾರೆ. ಸರಕಿನ ಜಿಎಸ್‌ಟಿ ಇವರಿಗೆಲ್ಲ ಈಗ ಅಂಗೈ ಗೆರೆಯಷ್ಟು ಪರಿಚಯ. ಬ್ಯಾಂಕಿನ ವಿಷಯಕ್ಕೆ ಬಂದಾಗ ಮಾತ್ರ ಅದದೇ ಪ್ರಶ್ನೆಗಳು ಬರುತ್ತವೆ. ಸಂಘದ ಸಭೆಗಳಲ್ಲಿ ಎದ್ದು ನಿಂತು ಕೇಳಿದವನ್ನೂ ಕಾಗದ ಬರೆದು ಕೇಳಿದವನ್ನೂ ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಲೆಕ್ಕಗಳಲ್ಲಿ ಬರುವ ಬಡ್ಡಿದರ, ಸಾಲದ ಮೊತ್ತಗಳು ವಿವರಣೆಗೆಂದು ನಾನೇ ಇಟ್ಟುಕೊಂಡವು. ನಿಯಮಗಳು ಮಾತ್ರ ಇದ್ದ ಹಾಗೇ ಇವೆ.

## ಮೊದಲ ಪಾಠ

ಪ್ರೊಸೆಸಿಂಗ್ ಫೀಗೆ ಜಿಎಸ್‌ಟಿ ಹಾಕ್ತಾರೆ, ಬಡ್ಡಿಗೆ ಹಾಕಲ್ಲ. ಎರಡೂ ಬ್ಯಾಂಕಿಗೇ ಹೋಗೋ ದುಡ್ಡಲ್ವಾ ಸಾರ್?

ಹೌದು, ಎರಡೂ ಬ್ಯಾಂಕಿಗೇ ಹೋಗುತ್ತವೆ. ಆದರೆ ಫೀ ಅಂದರೆ ಬ್ಯಾಂಕು ಮಾಡಿಕೊಟ್ಟ ಕೆಲಸದ ಬೆಲೆ, ಅದನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಬಡ್ಡಿಯೊಳಗೆ ಕೆಲಸದ ಬೆಲೆಯೂ ಇದೆ, ಕೆಲಸಕ್ಕೆ ಸಂಬಂಧವೇ ಇಲ್ಲದ ಬೇರೆ ಸಂಗತಿಗಳೂ ಇವೆ, ಎಲ್ಲ ಒಂದರಲ್ಲೊಂದು ಕಲಸಿಹೋಗಿವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಮುಂದಿನ ಕೆಲವು ಉತ್ತರಗಳಿಗೂ ಇದೇ ಬೇಕು. ಮುಲುಂಡಿನ ನಿವೃತ್ತ ಟೀಚರೊಬ್ಬರು ಬ್ಯಾಂಕಿನಲ್ಲಿ ಶೇ. 6ರ ಬಡ್ಡಿಗೆ 10 ಲಕ್ಷ ಠೇವಣಿ ಇಟ್ಟರು. ಅದೇ 10 ಲಕ್ಷವನ್ನು ಬ್ಯಾಂಕು ಭೋಸರಿಯ ವರ್ಕ್‌ಶಾಪಿಗೆ ಶೇ. 11ಕ್ಕೆ ಸಾಲ ಕೊಟ್ಟಿತು. ವರ್ಷದ ಕೊನೆಗೆ ಬ್ಯಾಂಕಿಗೆ ಬಂದದ್ದು 1,10,000, ಟೀಚರಿಗೆ ಕೊಟ್ಟದ್ದು 60,000. ನಡುವೆ ಉಳಿದ 50,000ವೇ ಬ್ಯಾಂಕಿನ ದುಡಿಮೆ. ಟೀಚರ ದುಡ್ಡನ್ನು ಜೋಪಾನ ಮಾಡಿದ್ದು, ಪಾಸ್‌ಬುಕ್ಕು, ಎಟಿಎಮ್ಮು, ಸಾಲಗಾರನ ಕಾಗದಪತ್ರ ಪರಿಶೀಲಿಸಿದ್ದು, ಕಂತು ವಸೂಲಿ ಮಾಡಿದ್ದು ಎಲ್ಲಕ್ಕೂ ಸಿಕ್ಕ ಕೂಲಿ ಅದು. ಆದರೆ ಈ 50,000 ಎಂಬ ಅಂಕಿ ಟೀಚರ ಪಾಸ್‌ಬುಕ್ಕಿನಲ್ಲೂ ಇಲ್ಲ, ವರ್ಕ್‌ಶಾಪಿನ ಸಾಲದ ಖಾತೆಯಲ್ಲೂ ಇಲ್ಲ. ಜಿಎಸ್‌ಟಿಯಂಥ ಮೌಲ್ಯವರ್ಧಿತ ತೆರಿಗೆ ನಡೆಯುವುದೇ ಬಿಲ್ಲಿನ ಮೇಲೆ. ಬಿಲ್ಲಿನಲ್ಲಿ ಬೆಲೆಯೇ ಇಲ್ಲದಿದ್ದರೆ ಅದು ಯಾವುದನ್ನು ಹಿಡಿಯಬೇಕು? ತೊಡಕಿನ ಬೇರು ಇಲ್ಲೇ ಇದೆ.

ಹಾಗಾದ್ರೆ ಇಡೀ ಬಡ್ಡಿಗೇ ಶೇ. 18 ಹಾಕಿಬಿಟ್ರೆ ಆಯ್ತಲ್ಲ?

ಹಾಕಿದರೆ 1,10,000ಕ್ಕೆ 19,800 ತೆರಿಗೆ ಆಗುತ್ತದೆ. ಆದರೆ ಬ್ಯಾಂಕು ಸಾಲಗಾರನಿಗೆ 1,10,000 ರೂಪಾಯಿಯ ಸೇವೆ ಮಾಡಿದೆಯೇ? ಅದರಲ್ಲಿ 60,000 ನೇರವಾಗಿ ಟೀಚರಿಗೆ ಹೋಯಿತು. ಒಂದು ವರ್ಷ ತಾನು ಖರ್ಚು ಮಾಡದೆ ಕಾದದ್ದಕ್ಕೆ ಅವರಿಗೆ ಸಿಕ್ಕ ಪ್ರತಿಫಲ ಅದು. ಕಾಯುವುದನ್ನು ಯಾರೂ ಕೊಂಡು ಬಳಸಿ ಮುಗಿಸುವುದಿಲ್ಲ. ಈ ತೆರಿಗೆ ಇರುವುದು ಬಳಕೆಯ ಮೇಲೆ.

ಉಳಿದ 50,000ದಲ್ಲೂ ಇನ್ನೊಂದು ಭಾಗ ಬೇರೆ ಮಾಡಬೇಕು. ಇಂಥ ನೂರು ಸಾಲಗಳಲ್ಲಿ ಒಂದೆರಡು ಮುಳುಗುತ್ತವೆ ಎಂದು ಬ್ಯಾಂಕಿಗೆ ಗೊತ್ತಿದೆ, ಆ ನಷ್ಟ ತುಂಬಿಕೊಳ್ಳಲು ಎಲ್ಲ ಸಾಲಗಾರರಿಂದ ಸ್ವಲ್ಪ ಸ್ವಲ್ಪ ಹೆಚ್ಚು ಬಡ್ಡಿ ವಸೂಲು ಮಾಡುತ್ತದೆ. ನಮ್ಮ ಸಾಲದಲ್ಲಿ ಅದು 15,000 ಎಂದಿಟ್ಟುಕೊಂಡರೆ, ನಿಜವಾದ ಸೇವೆಯ ಬೆಲೆ 35,000ಕ್ಕೆ ಇಳಿಯಿತು. 35,000ಕ್ಕೆ 6,300 ತೆರಿಗೆ ನ್ಯಾಯ. 19,800 ಎಂದರೆ ಅದರ ಮೂರು ಪಟ್ಟಿಗೂ ಹೆಚ್ಚು. ಅದಲ್ಲದೆ ಟೀಚರು ಜಿಎಸ್‌ಟಿ ನೋಂದಣಿ ಇಲ್ಲದವರು. ಇನ್‌ಪುಟ್ ಕ್ರೆಡಿಟ್ ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಡಿತ ಮಾಡಿಕೊಳ್ಳುವುದು. ಟೀಚರಿಗೆ ಕೊಟ್ಟ 60,000ದ ಮೇಲೆ ಬ್ಯಾಂಕಿಗೆ ಅದು ಸಿಗುವುದಿಲ್ಲ, ಹೆಚ್ಚಾದ ತೆರಿಗೆ ವಾಪಸು ಬರಲು ದಾರಿಯೇ ಇಲ್ಲ.

ಬ್ಯಾಂಕಿನ ವರ್ಷದ ಲೆಕ್ಕಪತ್ರದಲ್ಲೇ ಎಲ್ಲ ಇರುತ್ತಲ್ರೀ. ಒಟ್ಟು ಉಳಿಕೆಗೆ ತೆರಿಗೆ ಹಾಕಿದ್ರ ಏನಾಗ್ತದ?

ಬೆಳಗಾವಿಯವರೊಬ್ಬರು ಕೇಳಿದ ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ವಿಷಯದ ಗಂಟು ಬಿಚ್ಚಿಕೊಳ್ಳುವುದು ಇಲ್ಲಿ. ಒಟ್ಟು ಮೊತ್ತ ತಿಳಿಯುವುದು ಕಷ್ಟವೇ ಅಲ್ಲ. ಅದನ್ನು ಯಾರ್ಯಾರ ಪಾಲಿಗೆ ಎಷ್ಟೆಷ್ಟು ಹಂಚಬೇಕು ಎಂಬುದು ಕಷ್ಟ.

ಅಪಾಯದ 15,000ವನ್ನು ಸದ್ಯಕ್ಕೆ ಬೇರೆ ಮಾಡದೆ ನಮ್ಮ ಇಡೀ 50,000ವನ್ನೇ ನೋಡಿ. ಯಾವ ಸೇವೆಯೂ ಯಾವ ಅಪಾಯವೂ ಇಲ್ಲದೆ ದುಡ್ಡಿಗೆ ಸಿಗುವ ಬಡ್ಡಿ ಶೇ. 7 ಎಂದುಕೊಳ್ಳಿ. ಇದನ್ನು ತಳದ ದರ ಎನ್ನೋಣ. ಟೀಚರು ಶೇ. 7ರ ಬದಲು ಶೇ. 6ಕ್ಕೆ ಒಪ್ಪಿದ್ದಾರೆ, ಅಂದರೆ ಬ್ಯಾಂಕಿನ ಸೇವೆಗೆ ಅವರು ಬಾಯಿಬಿಡದೆ ಕೊಟ್ಟದ್ದು 10,000. ವರ್ಕ್‌ಶಾಪು ಶೇ. 7ರ ಮೇಲೆ 4 ಹೆಚ್ಚು ಕೊಟ್ಟಿದೆ, ಅದು 40,000. ಈಗ ತಳದ ದರ ಶೇ. 6.5 ಎಂದು ಯಾರಾದರೂ ವಾದಿಸಿದರೆ ಟೀಚರ ಪಾಲು 5,000ಕ್ಕೆ ಇಳಿದು ವರ್ಕ್‌ಶಾಪಿನದು 45,000ಕ್ಕೆ ಏರುತ್ತದೆ. ಮೊತ್ತ ಮಾತ್ರ ಅದೇ 50,000.

ಪಾಲು ಬದಲಾದರೆ ಏನಾಯಿತು ಅಂತೀರಾ? ವರ್ಕ್‌ಶಾಪು ಕೊಟ್ಟ ತೆರಿಗೆಯನ್ನು ಇನ್‌ಪುಟ್ ಎಂದು ವಾಪಸು ಪಡೆಯುತ್ತದೆ, ಟೀಚರು ಕೊಟ್ಟದ್ದು ಮಾತ್ರ ಸರ್ಕಾರದ ಬಳಿ ಉಳಿಯುತ್ತದೆ. ಹಾಗಾಗಿ ತಳದ ದರ ಅರ್ಧ ಪರ್ಸೆಂಟು ಆಚೀಚೆ ಆದರೆ ಈ ವ್ಯವಹಾರದಿಂದ ಸರ್ಕಾರಕ್ಕೆ ಉಳಿಯುವ ತೆರಿಗೆ 1,800ರಿಂದ 900ಕ್ಕೆ ಬೀಳುತ್ತದೆ. ವರ್ಷದ ಲೆಕ್ಕಪತ್ರದಿಂದ ಒಟ್ಟಾಗಿ ವಸೂಲು ಮಾಡಿದರೆ ವರ್ಕ್‌ಶಾಪಿನ ಕೈಗೆ ತೆರಿಗೆ ಬರೆದ ಬಿಲ್ಲು ಸಿಗದು, ಬಿಲ್ಲಿಲ್ಲದೆ ಕ್ರೆಡಿಟ್ ಇಲ್ಲ. ಒಬ್ಬೊಬ್ಬ ಗ್ರಾಹಕನ ಪಾಲನ್ನೂ ಬೇರೆ ಬೇರೆಯಾಗಿ ಬರೆಯಲು ಎಲ್ಲರೂ ಒಪ್ಪುವ ತಳದ ದರ ಬೇಕು, ಪ್ರತಿ ಅವಧಿಗೂ ಬೇಕು, ದರ ಏರಿಳಿದಾಗಲೆಲ್ಲ ಬೇಕು.

ಈ ಗೊಡವೆಯೇ ಬೇಡವೆಂದು ಯುರೋಪು 1977ರ ಆರನೆಯ ನಿರ್ದೇಶನದಲ್ಲಿ ಸಾಲ, ಠೇವಣಿಗಳನ್ನು ತೆರಿಗೆಯಿಂದ ಬಿಟ್ಟಿತು. 2017ರ ಜುಲೈ 1ರಂದು ಜಿಎಸ್‌ಟಿ ತಂದಾಗ ನಾವೂ ಬಡ್ಡಿಯ ರೂಪದ ಪ್ರತಿಫಲಕ್ಕೆ ವಿನಾಯಿತಿ ಕೊಟ್ಟೆವು.

ನೋ ಕಾಸ್ಟ್ ಇಎಂಐ ಅಂತ ಫೋನ್ ತಗೊಂಡೆ. ಪ್ರತಿ ತಿಂಗಳು ಬಿಲ್ಲಲ್ಲಿ ಜಿಎಸ್‌ಟಿ ಬರ್ತಿದೆ. ಬಡ್ಡಿಗೆ ಜಿಎಸ್‌ಟಿ ಇಲ್ಲ ಅಂದ್ರಲ್ಲ?

ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿ ಇಲ್ಲ. ವಿನಾಯಿತಿಯ ವಾಕ್ಯದಲ್ಲೇ ಅದನ್ನು ಹೊರಗಿಟ್ಟಿದ್ದಾರೆ. 24,000ದ ಫೋನಿಗೆ ವರ್ಷಕ್ಕೆ ಶೇ. 15ರ ಬಡ್ಡಿ ಎಂದರೆ ಮೊದಲ ತಿಂಗಳ ಬಡ್ಡಿ 300, ಅದರ ಮೇಲೆ 54 ರೂಪಾಯಿ ಜಿಎಸ್‌ಟಿ. ನೋ ಕಾಸ್ಟ್ ಅಂದಾಗ ಅಂಗಡಿಯವರು ಬಡ್ಡಿಯಷ್ಟು ಮೊತ್ತವನ್ನು ಫೋನಿನ ಬೆಲೆಯಲ್ಲಿ ರಿಯಾಯಿತಿ ಕೊಟ್ಟಿರುತ್ತಾರೆ, ಕಾರ್ಡಿನ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಬಡ್ಡಿ ಇದ್ದ ಮೇಲೆ ಅದರ ಜಿಎಸ್‌ಟಿ ನಿಮ್ಮ ತಲೆಗೇ.

ಗಮನಿಸಬೇಕಾದದ್ದು, ಇಲ್ಲಿ ತೆರಿಗೆ ಬೀಳುವುದು ಇಡೀ 300ರ ಮೇಲೆ, ಬ್ಯಾಂಕಿನ ಉಳಿಕೆಯ ಮೇಲಲ್ಲ. ಮನೆಸಾಲದ ಬಡ್ಡಿಗೆ ಏನೂ ಇಲ್ಲ, ಕಾರ್ಡಿನ ಬಡ್ಡಿಗೆ ಮಿತಿಮೀರಿ. ನಡುವಿನ ಸರಿಯಾದ ಜಾಗಕ್ಕೆ ಕಾನೂನು ಎಲ್ಲೂ ತಲುಪಿಲ್ಲ.

## ವಿನಾಯಿತಿಯ ಒಳಗೆ

ವಿನಾಯಿತಿ ಅಂದ್ರೆ ತೆರಿಗೆ ಇಲ್ಲ ಅಂತ ತಾನೆ? ಸಾಲ ತಗೊಂಡವನಿಗೆ ಲಾಭವೇ ಆಯ್ತಲ್ಲ?

ಮನೆಸಾಲ ತೆಗೆದುಕೊಂಡವರಿಗೆ ಲಾಭ. ತೆರಿಗೆ ಕಟ್ಟುವ ವ್ಯಾಪಾರಿಗೆ ನಷ್ಟ. ಒಂದೇ ವಿನಾಯಿತಿ ಇಬ್ಬರಿಗೆ ಎರಡು ತರಹ ಹೇಗೆ ಆಗುತ್ತದೆ ಎಂಬುದನ್ನು ನಿಧಾನವಾಗಿ ನೋಡೋಣ.

ಬ್ಯಾಂಕು ಸಾಲಗಾರರಿಗೆ ಮಾಡಿದ ಸೇವೆಯ ಬೆಲೆ 2 ಲಕ್ಷ ಎಂದುಕೊಳ್ಳಿ. ಅದಕ್ಕಾಗಿ 1 ಲಕ್ಷದ ಸಾಫ್ಟ್‌ವೇರು, ಬಾಡಿಗೆ, ಎಟಿಎಂ ನಿರ್ವಹಣೆ ಹೊರಗಿಂದ ಕೊಂಡಿತು, ಅದಕ್ಕೆ 18,000 ಜಿಎಸ್‌ಟಿ ಕೊಟ್ಟಿತು. ಉಳಿದ 1 ಲಕ್ಷ ಸಂಬಳ ಮತ್ತು ಲಾಭ. ಬಡ್ಡಿಗೆ ವಿನಾಯಿತಿ ಇರುವುದರಿಂದ 18,000ದಲ್ಲಿ ಒಂದು ಭಾಗ ಬ್ಯಾಂಕಿಗೆ ವಾಪಸು ಬರುವುದಿಲ್ಲ. ಅರ್ಧ ಬಂತು, 9,000 ಬರಲಿಲ್ಲ ಎನ್ನೋಣ. ಬ್ಯಾಂಕೇನು ಅದನ್ನು ಕೈಯಿಂದ ಹಾಕುತ್ತದೆಯೇ? ಬಡ್ಡಿಯೊಳಗೆ ಸೇರಿಸುತ್ತದೆ.

ಸಾಲ ಪಡೆದವರು ಮನೆ ಕಟ್ಟುವವರಾದರೆ ಅವರ ಮೇಲೆ ಬಿದ್ದ ತೆರಿಗೆ ಈ 9,000 ಮಾತ್ರ. ಪೂರ್ತಿ 2 ಲಕ್ಷದ ಸೇವೆಗೆ ಅವರು ಕೊಡಬೇಕಿದ್ದದ್ದು 36,000. ಬ್ಯಾಂಕಿನ ಸಂಬಳ, ಲಾಭದ ಭಾಗಕ್ಕೆ ತೆರಿಗೆಯೇ ತಾಗಲಿಲ್ಲ.

ಸಾಲ ಪಡೆದವರು ಭೋಸರಿಯ ವರ್ಕ್‌ಶಾಪಿನವರಾದರೆ ಕಥೆ ತಿರುಗುತ್ತದೆ. ತೆರಿಗೆ ಪೂರ್ತಿಯಾಗಿ ಬಿಲ್ಲಿನಲ್ಲಿ ಬಂದಿದ್ದರೆ 36,000ವನ್ನೂ ಇನ್‌ಪುಟ್ ಎಂದು ವಾಪಸು ಪಡೆದು ಅವರ ಹೊರೆ ಸೊನ್ನೆ ಆಗುತ್ತಿತ್ತು. ಈಗ 9,000 ಬಡ್ಡಿಯೊಳಗೆ ಅಡಗಿ ಬಂದಿದೆ. ಅದು ಯಾವ ಬಿಲ್ಲಿನಲ್ಲೂ ಇಲ್ಲದ ಕಾರಣ ಕ್ರೆಡಿಟ್ ಸಿಗದು. ಅವರು ಅದನ್ನು ತಮ್ಮ ಬಿಡಿಭಾಗಗಳ ಬೆಲೆಗೆ ಸೇರಿಸುತ್ತಾರೆ, ಆ ಬೆಲೆಯ ಮೇಲೆ ಮತ್ತೆ ಶೇ. 18. ಅಡಗಿದ್ದ 9,000ಕ್ಕೆ ಇನ್ನೊಂದು 1,620 ಕೂಡಿತು. ತೆರಿಗೆಯ ಮೇಲೆ ತೆರಿಗೆ ಬೀಳಬಾರದೆಂದೇ ಹುಟ್ಟಿದ ವ್ಯವಸ್ಥೆಯೊಳಗೆ ಇದು ನಡೆಯುತ್ತಿದೆ, ಮತ್ತು ಯಾವ ಕಾಗದದ ಮೇಲೂ ಕಾಣದ ಕಾರಣ ಯಾರೂ ದೂರುವುದಿಲ್ಲ. ನನಗೆ ಬೇಸರ ತರಿಸುವ ಸಂಗತಿ ಇದು.

ಬ್ಯಾಂಕಿಗೆ ಅರ್ಧ ಇನ್‌ಪುಟ್ ಮಾತ್ರ ಅಂತಾರೆ. ಈ ಅರ್ಧ ಎಲ್ಲಿಂದ ಬಂತು?

ಕೇಂದ್ರ ಜಿಎಸ್‌ಟಿ ಕಾಯ್ದೆಯ 17(4)ನೇ ಸೆಕ್ಷನ್ನಿನಿಂದ. ಬ್ಯಾಂಕೊಂದು ಒಂದೇ ಕಟ್ಟಡದಲ್ಲಿ ತೆರಿಗೆಯ ಕೆಲಸವನ್ನೂ (ಲಾಕರ್, ಡಿಡಿ, ಪ್ರೊಸೆಸಿಂಗ್ ಫೀ) ವಿನಾಯಿತಿಯ ಕೆಲಸವನ್ನೂ ಮಾಡುತ್ತದೆ. ಕಟ್ಟಡದ ಬಾಡಿಗೆಯಲ್ಲಿ ಎಷ್ಟು ಪಾಲು ಲಾಕರಿನದು, ಎಷ್ಟು ಸಾಲದ್ದು? ಉಳಿದ ವ್ಯಾಪಾರಿಗಳು ವಹಿವಾಟಿನ ಪ್ರಮಾಣ ನೋಡಿ ಭಾಗ ಮಾಡಬೇಕು. ಬ್ಯಾಂಕುಗಳಿಗೂ, ಬ್ಯಾಂಕಲ್ಲದ ಹಣಕಾಸು ಕಂಪನಿಗಳಾದ ಎನ್‌ಬಿಎಫ್‌ಸಿಗಳಿಗೂ ಕಾಯ್ದೆ ಎರಡು ದಾರಿ ಕೊಟ್ಟಿದೆ. ಲೆಕ್ಕ ಹಾಕಿ ಭಾಗ ಮಾಡಬಹುದು, ಅಥವಾ ತಿಂಗಳು ತಿಂಗಳು ಅರ್ಹ ಕ್ರೆಡಿಟ್ಟಿನ ಅರ್ಧ ತೆಗೆದುಕೊಂಡು ಉಳಿದರ್ಧವನ್ನು ಬಿಡಬಹುದು. ಆರಿಸಿದ ದಾರಿಯನ್ನು ಆ ಹಣಕಾಸು ವರ್ಷದ ನಡುವೆ ಬದಲಿಸುವಂತಿಲ್ಲ. ಅರ್ಧ ಎಂಬುದು ಅಳೆದು ಬಂದ ಅಂಕಿಯಲ್ಲ, ಜಗಳ ತಪ್ಪಿಸಲು ಮಾಡಿಕೊಂಡ ರಾಜಿ.

ಈ ರಾಜಿ ಬ್ಯಾಂಕಿನ ನಡವಳಿಕೆಯನ್ನೂ ತಿರುಗಿಸುತ್ತದೆ. ಹೊರಗಿನ ಏಜೆನ್ಸಿಯಿಂದ 10 ಲಕ್ಷದ ಕಾವಲು ಸೇವೆ ತೆಗೆದುಕೊಂಡರೆ ಜಿಎಸ್‌ಟಿ 1,80,000, ಅದರಲ್ಲಿ 90,000 ಮುಳುಗಿತು. ಅದೇ ಕಾವಲುಗಾರರನ್ನು ಸ್ವಂತ ಸಂಬಳದ ಮೇಲೆ ಇಟ್ಟುಕೊಂಡರೆ ಸಂಬಳಕ್ಕೆ ಜಿಎಸ್‌ಟಿ ಇಲ್ಲ. ಏಜೆನ್ಸಿ ಚೆನ್ನಾಗಿಯೂ ಅಗ್ಗವಾಗಿಯೂ ಮಾಡುತ್ತಿದ್ದರೂ ತೆರಿಗೆಯ ಕಾರಣಕ್ಕೆ ಅದು ದುಬಾರಿಯಾಗುತ್ತದೆ.

ಒಂದು ಜಾಗದಲ್ಲಿ ಮಾತ್ರ ಕಾಯ್ದೆ ಎಚ್ಚರ ವಹಿಸಿದೆ. ಮುಂಬೈಯ ಹೆಡ್ ಆಫೀಸು ತನ್ನದೇ ಮಡಗಾಂವ್ ಶಾಖೆಗೆ ಸೇವೆ ಕೊಟ್ಟರೂ, ರಾಜ್ಯ ಬೇರೆಯಾದ್ದರಿಂದ, ಕಾನೂನಿನ ಕಣ್ಣಿಗೆ ಅವು ಇಬ್ಬರು. ಅಲ್ಲಿ ಜಿಎಸ್‌ಟಿ ಹಾಕಬೇಕು. ಒಂದೇ ಪ್ಯಾನ್ ಇರುವ ಇಂಥ ಇಬ್ಬರ ನಡುವಿನ ತೆರಿಗೆಗೆ ಅರ್ಧದ ಕತ್ತರಿ ಇಲ್ಲ. ಇಲ್ಲದಿದ್ದರೆ ಒಂದೇ ಖರ್ಚಿಗೆ ಎರಡು ಸಲ ಕತ್ತರಿ ಬೀಳುತ್ತಿತ್ತು.

ನಮ್ಮದು ಹೋಟೆಲು ಮಾರಾಯ್ರೆ. ಈ ಅಡಗಿದ ತೆರಿಗೆ ನಮಗೆ ತಾಗುವುದುಂಟಾ?

ತಾಗುತ್ತದೆ. ಆದರೆ ಬ್ಯಾಂಕಿನವರು ತೆರಿಗೆಯನ್ನು ಬಿಲ್ಲಿನಲ್ಲಿ ಬರೆದು ಕೊಟ್ಟಿದ್ದರೂ ನಿಮಗೆ ಪ್ರಯೋಜನ ಇರಲಿಲ್ಲ. ಸಾಮಾನ್ಯ ಹೋಟೆಲುಗಳು ಶೇ. 5ರ ದರದಲ್ಲಿವೆ ಮತ್ತು ಆ ದರಕ್ಕೆ ಇನ್‌ಪುಟ್ ಇಲ್ಲ. ತಿಂಡಿ ಬಡಿಸುವವರಾದರೂ ಕ್ರೆಡಿಟ್ಟಿನ ಮಟ್ಟಿಗೆ ನೀವೂ ಮನೆಸಾಲ ಪಡೆದವರೂ ಒಂದೇ ಸಾಲಿನಲ್ಲಿದ್ದೀರಿ. ಹಾಗಾಗಿ ಬಡ್ಡಿಗೆ ಪೂರ್ತಿ ತೆರಿಗೆ ಹಾಕಿ ಕ್ರೆಡಿಟ್ ಕೊಡಲಿ ಎಂದು ಭೋಸರಿಯವರು ಕೇಳುವುದು ಸರಿ, ಡೊಂಬಿವಲಿಯ ನೀವು ಕೇಳಿದರೆ ನಿಮ್ಮ ಕೈ ನೀವೇ ಸುಟ್ಟುಕೊಂಡಂತೆ.

ಸಾಲದ ಫೀ ಮೇಲೆ 9,000 ಜಿಎಸ್‌ಟಿ ಕಟ್ಟೇನಿ. GSTR-2Bದಾಗ ಕಾಣವಲ್ದು. ಎಲ್ಲಿ ಹೋತು?

ಇದು ಭೋಸರಿಯಲ್ಲಿ ನಿಜವಾಗಿ ನಡೆದದ್ದು. ಅವರ ಮೂಲ ಕಾರ್ಖಾನೆ ಬೆಳಗಾವಿಯಲ್ಲಿತ್ತು, ಭೋಸರಿಯದು ಹೊಸ ಘಟಕ. ಸಾಲ ಭೋಸರಿಯ ಯಂತ್ರಕ್ಕೆ, ಫೀ 50,000, ತೆರಿಗೆ 9,000. ಮಾರಿದವರು ತೋರಿಸಿದ ತೆರಿಗೆಯಲ್ಲಿ ನಮಗೆ ಸಿಗುವ ಕ್ರೆಡಿಟ್ಟಿನ ಪಟ್ಟಿಯೇ 2B, ಅದು ಒಂದೊಂದು ರಾಜ್ಯದ ನೋಂದಣಿಗೂ ಬೇರೆ. ಮಹಾರಾಷ್ಟ್ರದ ನೋಂದಣಿಯಲ್ಲಿ ಹುಡುಕಿ ಹುಡುಕಿ ಸಿಗದೆ ನನ್ನ ಬಳಿ ಬಂದರು.

ಬ್ಯಾಂಕಿನ ಅಡ್ವೈಸ್ ಚೀಟಿ ತರಿಸಿ ನೋಡಿದೆ. ಬ್ಯಾಂಕಿನ ಶಾಖೆ ಪುಣೆಯದು, ಗ್ರಾಹಕರೂ ಪುಣೆಯವರು. ಹಾಗಿದ್ದರೆ ಚೀಟಿಯಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ 4,500, ರಾಜ್ಯದ ಪಾಲು ಎಸ್‌ಜಿಎಸ್‌ಟಿ 4,500 ಎಂದು ಎರಡು ಸಾಲು ಇರಬೇಕಿತ್ತು. ಇದ್ದದ್ದು ಒಂದೇ ಸಾಲು, ರಾಜ್ಯ ದಾಟಿದ ವ್ಯವಹಾರಕ್ಕೆ ಬೀಳುವ ಐಜಿಎಸ್‌ಟಿ 9,000. ಅಲ್ಲೇ ಗೊತ್ತಾಯಿತು, ಬ್ಯಾಂಕಿನ ದಾಖಲೆಯಲ್ಲಿ ಇವರು ಬೇರೆ ರಾಜ್ಯದವರು. ಖಾತೆ ತೆರೆದಾಗ ಕೊಟ್ಟ 29ರಿಂದ ಶುರುವಾಗುವ ಕರ್ನಾಟಕದ ನಂಬರೇ ಅಲ್ಲಿ ಕೂತಿತ್ತು, 27ರ ಮಹಾರಾಷ್ಟ್ರದ ನಂಬರನ್ನು ಯಾರೂ ಸೇರಿಸಿರಲಿಲ್ಲ. ಬ್ಯಾಂಕಿನ ಸೇವೆ ಯಾವ ರಾಜ್ಯಕ್ಕೆ ಸೇರುತ್ತದೆ ಎಂಬುದನ್ನು ಬ್ಯಾಂಕಿನ ದಾಖಲೆಯಲ್ಲಿರುವ ಗ್ರಾಹಕನ ವಿಳಾಸ ನಿರ್ಧರಿಸುತ್ತದೆ. ಬೆಳಗಾವಿಯ 2B ತೆರೆದಾಗ 9,000 ಅಲ್ಲೇ ಇತ್ತು.

ಬ್ಯಾಂಕಿಗೆ ಕಾಗದ ಬರೆದು ನಂಬರು ಸರಿಪಡಿಸಿಕೊಳ್ಳಬೇಕು, ಆಮೇಲೆ ಬ್ಯಾಂಕು ತನ್ನ ರಿಟರ್ನಿನಲ್ಲಿ ತಿದ್ದಬೇಕು. ಆ ಹಣಕಾಸು ವರ್ಷದ ಕ್ರೆಡಿಟ್ ಪಡೆಯಲು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಕೊನೆಯ ಗಡುವು, ವಾರ್ಷಿಕ ರಿಟರ್ನ್ ಅದಕ್ಕಿಂತ ಮೊದಲೇ ಹಾಕಿದರೆ ಗಡುವೂ ಅಲ್ಲಿಗೇ ಮುಗಿಯಿತು. ನಂಬರನ್ನೇ ಕೊಡದಿದ್ದವರ ಗತಿ ಇನ್ನೂ ಕಷ್ಟ. ಅವರ ತೆರಿಗೆ ಯಾವ ರಾಜ್ಯದ 2Bಯಲ್ಲೂ ಬರುವುದಿಲ್ಲ. ಬ್ಯಾಂಕುಗಳು ತಿಂಗಳಿಗೊಂದು ಒಟ್ಟು ಬಿಲ್ಲು ಕೊಡಲು ಅವಕಾಶ ಇರುವುದರಿಂದ, ಪ್ರತಿ ಫೀಗೂ ಬೇರೆ ಬಿಲ್ಲು ಬರಲೆಂದು ಕಾಯಬೇಡಿ.

ಗೋವಾದಲ್ಲಿ ಡಾಲರ್ ಬದಲಿಸುವವರು ಕಮಿಷನ್ ತಗೊಳ್ಳಲ್ಲ. ಆದ್ರೂ ಜಿಎಸ್‌ಟಿ ಹಾಕ್ತಾರೆ. ಅದಕ್ಕೆ ಹೇಗೆ ಸಾಧ್ಯ ಆಯ್ತು?

ತಳದ ದರ ಸಿಕ್ಕಿದರೆ ಕೆಲಸ ಎಷ್ಟು ಸಲೀಸು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಲ್ಲೂ ಬೆಲೆ ಅಡಗಿದೆ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರವೇ ಕೌಂಟರಿನವರ ಗಳಿಕೆ. ಆದರೆ ಡಾಲರಿಗೆ ರಿಸರ್ವ್ ಬ್ಯಾಂಕಿನ ರೆಫರೆನ್ಸ್ ದರ ಎಂಬ ಎಲ್ಲರೂ ಒಪ್ಪಿದ ಅಂಕಿ ಇದೆ. ಜಿಎಸ್‌ಟಿ ನಿಯಮ 32(2) ಅದನ್ನೇ ಹಿಡಿದುಕೊಂಡಿತು.

ರೆಫರೆನ್ಸ್ ದರ 85 ಇದ್ದ ದಿನ ಪಣಜಿಯ ಕೌಂಟರು ಪ್ರವಾಸಿಯಿಂದ 1,000 ಡಾಲರನ್ನು 83.50ಕ್ಕೆ ಕೊಂಡಿತು ಎನ್ನೋಣ. ಡಾಲರಿಗೆ ಒಂದೂವರೆ ರೂಪಾಯಿಯಂತೆ ಸೇವೆಯ ಬೆಲೆ 1,500, ಶೇ. 18ರಂತೆ ತೆರಿಗೆ 270. ಕೌಂಟರಿನವರು ಬಯಸಿದರೆ ಎರಡನೆಯ ದಾರಿ ಹಿಡಿಯಬಹುದು. 1 ಲಕ್ಷದವರೆಗಿನ ವಹಿವಾಟಿಗೆ ಮೊತ್ತದ ಶೇ. 1ನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಹಿಡಿಯುವ ದಾರಿ ಅದು. ಆಗ 83,500ಕ್ಕೆ ಬೆಲೆ 835, ತೆರಿಗೆ 150 ರೂಪಾಯಿ 30 ಪೈಸೆ. ಮೊತ್ತ ಏರಿದಂತೆ ಈ ಪ್ರಮಾಣ ಇಳಿಯುತ್ತದೆ.

ಡಾಲರು ಕೈ ಬದಲಾಗುವುದು ಒಂದು ಕ್ಷಣದಲ್ಲಿ, ಆ ಕ್ಷಣದ ದರ ಸಾಕು. ಸಾಲ 20 ವರ್ಷ ಓಡುತ್ತದೆ, ಮುಳುಗುವ ಅಪಾಯವನ್ನೂ ಹೊತ್ತು ಓಡುತ್ತದೆ. ಗೋವಾದ ಕೌಂಟರಿನ ಸೂತ್ರವನ್ನು ಬ್ಯಾಂಕಿನ ಸಾಲದ ಮೇಜಿಗೆ ಹಾಗೇ ಎತ್ತಿಡಲು ಆಗದಿರುವುದು ಇದಕ್ಕೇ.

## ಇನ್ನೂ ಒಳಕ್ಕೆ

ವಿಮೆಗೆ ಜಿಎಸ್‌ಟಿ ತೆಗೆದ್ರು. 18 ಪರ್ಸೆಂಟ್ ಪೂರ್ತಿ ಕಡಿಮೆ ಆಗ್ಬೇಕಿತ್ತಲ್ವಾ?

2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳ ಜೀವವಿಮೆ ಮತ್ತು ಆರೋಗ್ಯವಿಮೆಗೆ ಜಿಎಸ್‌ಟಿ ಇಲ್ಲ. ಆದರೆ ಅದು ವಿನಾಯಿತಿ, ಸೊನ್ನೆ ದರವಲ್ಲ. ಈ ಎರಡರ ನಡುವಿನ ಅಂತರ ದೊಡ್ಡದು. ಸೊನ್ನೆ ದರವಾಗಿದ್ದರೆ ಕಂಪನಿಗೆ ಇನ್‌ಪುಟ್ ಪೂರ್ತಿ ವಾಪಸು ಬರುತ್ತಿತ್ತು, ರಫ್ತು ಮಾಡುವವರಿಗೆ ಬರುವ ಹಾಗೆ. ವಿನಾಯಿತಿಯಲ್ಲಿ ಬರುವುದಿಲ್ಲ.

10,000ದ ಆರೋಗ್ಯವಿಮೆಗೆ ಮೊದಲು 1,800 ಸೇರಿ 11,800 ಕಟ್ಟುತ್ತಿದ್ದಿರಿ. ಕಂಪನಿ ಏಜೆಂಟರ ಕಮಿಷನ್ನು, ಆಫೀಸು ಬಾಡಿಗೆಗೆಲ್ಲ 2,000 ಖರ್ಚು ಮಾಡಿ ಅದರ ಮೇಲೆ 360 ತೆರಿಗೆ ಕಟ್ಟುತ್ತಿತ್ತು ಎಂದುಕೊಳ್ಳಿ. ಆಗ ಆ 360 ಕ್ರೆಡಿಟ್ಟಾಗಿ ವಾಪಸು ಬರುತ್ತಿತ್ತು, ಈಗ ಅದು ಕಂಪನಿಯ ಖರ್ಚು. ಅದನ್ನು ಪ್ರೀಮಿಯಮ್ಮಿಗೆ ಸೇರಿಸಿದರೆ 10,360. ನಿಮಗೆ ಲಾಭ ಆಗಿದೆ, ಬಿಲ್ಲಿನಲ್ಲಿ ಕಾಣುತ್ತಿದ್ದ 1,800ರಷ್ಟು ಮಾತ್ರ ಆಗಿಲ್ಲ.

ಇದಕ್ಕೆ ಸರಿಯಾದ ಉಪಾಯ ಯಾರೂ ಕಂಡುಹಿಡಿದೇ ಇಲ್ವಾ?

ಕಂಡುಹಿಡಿದಿದ್ದಾರೆ. ಸತ್ಯ ಪೋದ್ದಾರ್ ಮತ್ತು ಮಾರ್ಲೆ ಇಂಗ್ಲಿಷ್ ಎಂಬ ಇಬ್ಬರು 1997ರಲ್ಲಿ ಒಂದು ದಾರಿ ಬರೆದರು. ಬಡ್ಡಿಯನ್ನು ಸೀಳುವುದೇ ಬೇಡ, ಬ್ಯಾಂಕಿಗೆ ಬಂದ ಪ್ರತಿ ರೂಪಾಯಿಯನ್ನೂ ಮಾರಾಟವೆಂದು, ಹೋದ ಪ್ರತಿ ರೂಪಾಯಿಯನ್ನೂ ಖರೀದಿಯೆಂದು ನೋಡೋಣ ಎಂಬುದು ಅದರ ಮೂಲ. ಅಸಲೂ ಅದರಲ್ಲಿ ಸೇರಿತು.

ನಮ್ಮ ಸಾಲಕ್ಕೇ ಹಚ್ಚಿ ನೋಡಿ. ಬ್ಯಾಂಕು 10 ಲಕ್ಷ ಸಾಲ ಕೊಟ್ಟಿತು, ಅದಕ್ಕೆ ಶೇ. 18ರಂತೆ 1,80,000 ಕ್ರೆಡಿಟ್. ಅದನ್ನು ಕೈಗೆ ಕೊಡುವುದಿಲ್ಲ, ಒಂದು ತೆರಿಗೆ ಖಾತೆಯಲ್ಲಿ ಬರೆದಿಟ್ಟು ಅದಕ್ಕೆ ತಳದ ದರ ಶೇ. 7ರಂತೆ ಬಡ್ಡಿ ಸೇರಿಸುತ್ತಾರೆ. ವರ್ಷದ ಕೊನೆಗೆ ಅದು 1,92,600. ಸಾಲಗಾರ 11,10,000 ತೀರಿಸಿದ, ಅದರ ಶೇ. 18 ಎಂದರೆ 1,99,800. ಎರಡರ ವ್ಯತ್ಯಾಸ 7,200 ಕಟ್ಟಬೇಕು. ಇದು 40,000ದ ಸರಿಯಾಗಿ ಶೇ. 18. ಟೀಚರ ಠೇವಣಿಗೆ ಇದನ್ನೇ ತಿರುಗಿಸಿ ಹಾಕಿದರೆ, ಒಳಬಂದ 10 ಲಕ್ಷದ ತೆರಿಗೆ ಬೆಳೆದು 1,92,600, ವಾಪಸು ಕೊಟ್ಟ 10,60,000ದ ಕ್ರೆಡಿಟ್ 1,90,800, ಉಳಿದದ್ದು 1,800. ಒಟ್ಟು 9,000, ಅಂದರೆ ಬ್ಯಾಂಕಿನ ಇಡೀ 50,000ಕ್ಕೆ ಶೇ. 18. ಅಪಾಯದ 15,000ವನ್ನು ಮೊದಲೇ ಊಹಿಸಿ ಕಳೆಯುವ ಕೆಲಸವೂ ಇಲ್ಲಿಲ್ಲ. ಸಾಲವೊಂದು ಮುಳುಗಿದರೆ ಬರುವ ದುಡ್ಡೇ ಕಡಿಮೆ, ಅದಕ್ಕೆ ತಕ್ಕಂತೆ ತೆರಿಗೆಯೂ ತಾನಾಗಿ ಇಳಿಯುತ್ತದೆ. ಮೊದಲ ಸಲ ಈ ಲೆಕ್ಕ ಕೈಯಾರೆ ಹಾಕಿ ಉತ್ತರ ತಾಳೆಯಾದಾಗ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಆದರೂ ಯಾವ ದೇಶವೂ ಇದನ್ನು ಪೂರ್ತಿಯಾಗಿ ಜಾರಿಗೆ ತಂದಿಲ್ಲ. ಕೋಟ್ಯಂತರ ಖಾತೆಗಳ ಪಕ್ಕದಲ್ಲಿ ಕೋಟ್ಯಂತರ ತೆರಿಗೆ ಖಾತೆಗಳು ಓಡಬೇಕು. ತಳದ ದರ ಬದಲಾದಾಗಲೆಲ್ಲ ಎಲ್ಲವೂ ಬದಲಾಗಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಮೊದಲ ದಿನ. ಜಾರಿಯ ಹಿಂದಿನ ದಿನ ಕೊಟ್ಟ ಸಾಲಕ್ಕೆ ಕ್ರೆಡಿಟ್ ಸಿಕ್ಕಿರುವುದಿಲ್ಲ, ತೀರಿಸುವಾಗ ಮಾತ್ರ ಅಸಲಿಗೂ ತೆರಿಗೆ ಬಿದ್ದುಬಿಡುತ್ತದೆ. ಅದಕ್ಕೇ ಬೇರೆ ನಿಯಮ ಬೇಕು.

ಬೇರೆ ದೇಶದವರು ಏನ್ ಮಾಡಿದ್ದಾರೆ? ನಮಗೆ ಯಾವುದು ಹೊಂದುತ್ತೆ?

ಎರಡು ದೇಶಗಳನ್ನು ನೋಡಿದರೆ ಸಾಕು. ಚೀನಾ 2016ರ ಮೇ ತಿಂಗಳಿಂದ ಸಾಲದ ಬಡ್ಡಿಗೆ ಶೇ. 6ರ ತೆರಿಗೆ ಹಾಕಿತು, ಇಡೀ ಬಡ್ಡಿಯ ಮೇಲೆ. ಆದರೆ ಸಾಲ ಪಡೆದ ವ್ಯಾಪಾರಿಗೆ ಅದರ ಕ್ರೆಡಿಟ್ ಕೊಡಲಿಲ್ಲ. ಸರ್ಕಾರಕ್ಕೆ ವಸೂಲಿ ಸುಲಭವಾಯಿತು, ತೆರಿಗೆಯ ಮೇಲೆ ತೆರಿಗೆ ಬೀಳುವುದು ನಿಲ್ಲಲಿಲ್ಲ.

ನ್ಯೂಜಿಲೆಂಡ್ 2005ರ ಜನವರಿಯಿಂದ ಇನ್ನೊಂದು ದಾರಿ ಹಿಡಿಯಿತು. ಗ್ರಾಹಕ ನೋಂದಾಯಿತ ವ್ಯಾಪಾರಿಯಾಗಿದ್ದು ಅವನ ವಹಿವಾಟಿನಲ್ಲಿ ಕನಿಷ್ಠ ಶೇ. 75 ತೆರಿಗೆಗೆ ಒಳಪಟ್ಟಿದ್ದರೆ, ಬ್ಯಾಂಕು ಅವನಿಗೆ ಕೊಡುವ ಸೇವೆಯನ್ನು ಸೊನ್ನೆ ದರಕ್ಕೆ ತರಬಹುದು. ಅಷ್ಟು ಪಾಲಿನ ಇನ್‌ಪುಟ್ ಬ್ಯಾಂಕಿಗೆ ವಾಪಸು ಸಿಗುತ್ತದೆ. ಇದರ ಜಾಣತನ ಎಲ್ಲಿದೆ ಎಂದರೆ, ವ್ಯಾಪಾರಿಗೆ ಹಾಕಿದ ತೆರಿಗೆ ಹೇಗೂ ಕ್ರೆಡಿಟ್ಟಾಗಿ ವಾಪಸು ಹೋಗುವಂಥದ್ದು. ಹಾಗಿರುವಾಗ ಅವನ ಪಾಲಿನ ಬೆಲೆಯನ್ನು ಅಳೆಯುವ ಅಗತ್ಯವೇ ಬೀಳಲಿಲ್ಲ, ತಳದ ದರದ ಜಗಳವೂ ಹುಟ್ಟಲಿಲ್ಲ. ಮನೆಸಾಲದವರ ವಿನಾಯಿತಿ ಹಾಗೇ ಉಳಿಯಿತು, ಅವರ ಮೇಲೆ ತೆರಿಗೆ ಕಡಿಮೆ ಬೀಳುವುದೂ ಹಾಗೇ ಉಳಿಯಿತು.

ನಮಗೆ ನ್ಯೂಜಿಲೆಂಡಿನ ದಾರಿ ಹತ್ತಿರ ಎಂದು ನನ್ನ ಅಭಿಪ್ರಾಯ. ಯಾವ ಸಾಲಗಾರನ ಬಳಿ ಜಿಎಸ್‌ಟಿ ನಂಬರಿದೆ ಎಂಬುದು ಬ್ಯಾಂಕಿನ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಅಡ್ಡಿ ಇರುವುದು ಎರಡು ಕಡೆ. ಬ್ಯಾಂಕುಗಳಿಗೆ ವಾಪಸು ಹೋಗುವ ಕ್ರೆಡಿಟ್ಟಿನಷ್ಟು ವರಮಾನವನ್ನು ಕೇಂದ್ರವೂ ರಾಜ್ಯಗಳೂ ಬಿಟ್ಟುಕೊಡಬೇಕು. ಜೊತೆಗೆ, ಡೊಂಬಿವಲಿಯ ಹೋಟೆಲಿನಂತೆ ನಂಬರಿದ್ದೂ ಇನ್‌ಪುಟ್ ಇಲ್ಲದವರನ್ನು ಯಾವ ಪಟ್ಟಿಗೆ ಸೇರಿಸಬೇಕೆಂದು ಕಾಯ್ದೆ ಬಿಡಿಸಿ ಬರೆಯಬೇಕು. ಅವರನ್ನೂ ಸೊನ್ನೆ ದರಕ್ಕೆ ಸೇರಿಸಿದರೆ ಅಡಗಿದ ತೆರಿಗೆಯೂ ಬೀಳದೆ, ಬಿಲ್ಲಿನಲ್ಲಿ ಕಾಣುವ ತೆರಿಗೆಯೂ ಬೀಳದೆ ಹೋಗುತ್ತದೆ.